ವಿಷಯ: ಪಾರ್ಸೆಲ್‌ನಲ್ಲಿ ಇಲ್ಲದ ಸ್ಪ್ರೇ ಗನ್ ಬಗ್ಗೆ ಮೂರನೆಯ ದೂರು (ಆರ್ಡರ್ ಸಂಖ್ಯೆ 4071-88263)

ದಿನಾಂಕ: 27 ಮೇ 2024

ಕುಂದುಕೊರತೆ ನಿವಾರಣಾಧಿಕಾರಿಯವರಿಗೆ,

ನಮಸ್ಕಾರ.

ಮೇ 14ರಂದು ನಿಮ್ಮ ತಾಣದಲ್ಲಿ ನಾನು ಮೂರು ಸಾಮಾನುಗಳಿಗೆ ಒಂದೇ ಆರ್ಡರ್ ಹಾಕಿ, ಒಟ್ಟು ₹3,920ನ್ನು ಯುಪಿಐ ಮೂಲಕ ಅಂದೇ ಪಾವತಿಸಿದ್ದೆ. 50 ಮೀಟರ್ ಸ್ಪ್ರೇ ಪೈಪು (₹2,450), ಹಿತ್ತಾಳೆಯ ಸ್ಪ್ರೇ ಗನ್ (₹1,290), ಕ್ಲಿಪ್ ಮತ್ತು ವಾಷರ್‌ಗಳ ಒಂದು ಪೊಟ್ಟಣ (₹180). ಮೇ 22ರಂದು ಬಂದ ಪೆಟ್ಟಿಗೆಯಲ್ಲಿ ಪೈಪು ಇತ್ತು, ಕ್ಲಿಪ್ಪುಗಳ ಪೊಟ್ಟಣ ಇತ್ತು, ಗನ್ ಇರಲಿಲ್ಲ. ಜೊತೆಗಿದ್ದ ಬಿಲ್ಲಿನಲ್ಲಿ ಮಾತ್ರ ಮೂರೂ ಇವೆ.

ಈ ವಿಷಯವಾಗಿ ನಾನು ಬರೆಯುತ್ತಿರುವುದು ಇದು ಮೂರನೆಯ ಸಲ. ಮೇ 22ರ ಸಂಜೆಯೇ ಆ್ಯಪ್‌ನಲ್ಲಿ ದೂರು ದಾಖಲಿಸಿದೆ. ‘ಓಟಿಪಿ ನೀಡಿ ಪಾರ್ಸೆಲ್ ಪಡೆದಿದ್ದೀರಿ’ ಎಂಬ ಒಂದು ಸಾಲಿನ ಉತ್ತರದೊಂದಿಗೆ ಮರುದಿನ ಅದನ್ನು ಮುಚ್ಚಲಾಯಿತು. ಮೇ 23ರಂದು ಫೋನ್ ಮಾಡಿದಾಗ ನಿಮ್ಮ ಸಿಬ್ಬಂದಿ ಸೌಜನ್ಯದಿಂದಲೇ ಮಾತನಾಡಿ ಚಿತ್ರಗಳನ್ನು ಕೇಳಿದರು. ಆರು ಚಿತ್ರಗಳನ್ನು ಕಳುಹಿಸಿದೆ. ಮೇ 25ರಂದು ‘ಪರಿಶೀಲನೆಯ ಪ್ರಕಾರ ಎಲ್ಲ ಸಾಮಾನುಗಳನ್ನೂ ರವಾನಿಸಲಾಗಿದೆ, ಕೋರಿಕೆಯನ್ನು ತಿರಸ್ಕರಿಸಲಾಗಿದೆ’ ಎಂಬ ಸಂದೇಶ ಬಂತು. ಏನನ್ನು ಪರಿಶೀಲಿಸಿದಿರಿ ಎಂಬುದು ಅದರಲ್ಲಿ ಇರಲಿಲ್ಲ.

ಓಟಿಪಿ ಕೊಟ್ಟಿದ್ದು ನಿಜ. ಆದರೆ ಪೆಟ್ಟಿಗೆ ನನ್ನ ಕೈ ಸೇರಿತು ಎನ್ನುವುದಕ್ಕೆ ಅದು ಸಾಕ್ಷಿಯೇ ಹೊರತು, ಪೆಟ್ಟಿಗೆಯೊಳಗೆ ಏನಿತ್ತು ಎನ್ನುವುದಕ್ಕೆ ಅಲ್ಲ. ನಮ್ಮ ಮನೆಯಲ್ಲಿ ಮೊಬೈಲ್ ಸಿಗ್ನಲ್ ಸಿಗುವುದಿಲ್ಲ. ಡಾಂಬರು ರಸ್ತೆಯ ಪಕ್ಕದ ಅಂಗಡಿಯವರೆಗೆ ಹೋಗಿ, ಅಲ್ಲಿ ನಿಂತು ಓಟಿಪಿ ಹೇಳಿ ಪೆಟ್ಟಿಗೆ ಪಡೆದು, ಮನೆಗೆ ತಂದು ಒಡೆದೆ. ಒಡೆಯುವಾಗ ವಿಡಿಯೊ ಮಾಡಿಕೊಳ್ಳಲಿಲ್ಲ; ಸಾಮಾನು ತರಿಸಿದಾಗಲೆಲ್ಲ ಮಹಜರು ಬರೆಯುವ ಅಭ್ಯಾಸ ನಮ್ಮ ಕಡೆ ಇಲ್ಲ.

ಹಾಗಿದ್ದರೂ ಒಂದು ಪುರಾವೆ ನಿಮ್ಮ ಬಳಿಯೇ ಇದೆ. ಪೆಟ್ಟಿಗೆಯ ಮೇಲೆ ನಿಮ್ಮ ಗೋದಾಮಿನವರು ಅಂಟಿಸಿದ ಚೀಟಿಯಲ್ಲಿ ತೂಕ 5.6 ಕಿಲೊ ಎಂದಿದೆ. ನಿಮ್ಮದೇ ತಾಣದ ವಿವರದ ಪ್ರಕಾರ ಪೈಪು 5 ಕಿಲೊ, ಗನ್ 1.1 ಕಿಲೊ, ಕ್ಲಿಪ್ಪುಗಳು 150 ಗ್ರಾಂ ತೂಗುತ್ತವೆ. ಮೂರೂ ಸೇರಿದರೆ ಪೆಟ್ಟಿಗೆಯನ್ನು ಬಿಟ್ಟೇ 6.25 ಕಿಲೊ ಆಗಬೇಕು. ಬಂದ ಎರಡು ಸಾಮಾನುಗಳನ್ನು ಅದೇ ಪೆಟ್ಟಿಗೆಗೆ ಮರಳಿ ತುಂಬಿ, ಅಡಿಕೆ ತೂಗುವ ನಮ್ಮ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿಟ್ಟು ನೋಡಿದೆ: 5.6 ಕಿಲೊ. ಅಂದರೆ ಗೋದಾಮಿನಿಂದ ಹೊರಟಾಗ ಎಷ್ಟು ತೂಕವಿತ್ತೋ ನನ್ನ ಮನೆಯಲ್ಲೂ ಅಷ್ಟೇ ಇದೆ. ಗನ್ ದಾರಿಯಲ್ಲಿ ಕಳೆದಿಲ್ಲ, ನಾನೂ ತೆಗೆದಿಟ್ಟುಕೊಂಡಿಲ್ಲ. ಅದನ್ನು ಪೆಟ್ಟಿಗೆಗೆ ಹಾಕಿಯೇ ಇಲ್ಲ. ಚೀಟಿಯ ಮತ್ತು ತಕ್ಕಡಿಯ ಚಿತ್ರಗಳನ್ನು ಈ ಸಂದೇಶದೊಂದಿಗೆ ಮತ್ತೆ ಲಗತ್ತಿಸಿದ್ದೇನೆ.

ಇದನ್ನು ಇಷ್ಟು ವಿವರವಾಗಿ ಹೇಳುವುದಕ್ಕೆ ಇನ್ನೊಂದು ಕಾರಣವಿದೆ. ಪಾರ್ಸೆಲ್ ತಂದುಕೊಡುವ ಹುಡುಗನನ್ನು ವಿಚಾರಿಸುತ್ತೇವೆ ಎಂದು ಫೋನಿನಲ್ಲಿ ಹೇಳಿದ್ದರು. ದಯವಿಟ್ಟು ಅವನನ್ನು ಇದರಲ್ಲಿ ಎಳೆಯಬೇಡಿ. ಟೇಪು ಹರಿದಿರಲಿಲ್ಲ, ಪೆಟ್ಟಿಗೆ ನಜ್ಜಾಗಿರಲಿಲ್ಲ. ಕೊಟ್ಟಿದ್ದನ್ನು ಕೊಟ್ಟ ಹಾಗೆಯೇ ತಲುಪಿಸಿದವನ ಸಂಬಳದಲ್ಲಿ ₹1,290 ಕಡಿತವಾದರೆ ಅದು ನನಗೆ ಒಪ್ಪಿಗೆಯಲ್ಲ.

ನಾನು ಅವಸರ ಮಾಡುತ್ತಿರುವುದು ಏಕೆಂದು ತಿಳಿಯಲು ಇಲ್ಲಿನ ಕೆಲಸವನ್ನೂ ಸ್ವಲ್ಪ ಹೇಳಬೇಕು. ಅಡಿಕೆಗೆ ಕೊಳೆರೋಗ ಬರದಂತೆ ಮಳೆಗಾಲ ಹಿಡಿಯುವ ಮೊದಲೇ ಗೊನೆಗಳಿಗೆ ಶೇ 1ರ ಬೋರ್ಡೋ ದ್ರಾವಣ ಹೊಡೆಯಬೇಕು. ಎರಡನೆಯ ಸಲ ಹೊಡೆಯುವುದು 40-45 ದಿನಗಳ ನಂತರ. ಒಂದು ಕಿಲೊ ಮೈಲುತುತ್ತ, ಒಂದು ಕಿಲೊ ಸುಣ್ಣ, ನೂರು ಲೀಟರ್ ನೀರು; ಬೆರೆಸಿದ್ದನ್ನು ಅಂದಂದೇ ಹೊಡೆದು ಮುಗಿಸಬೇಕು. ಮೈಲುತುತ್ತ ಕಬ್ಬಿಣವನ್ನು ತಿನ್ನುತ್ತದೆ ಎಂದೇ ಹಿತ್ತಾಳೆಯ ಗನ್ನನ್ನು ಆರಿಸಿದ್ದೆ. ಔಷಧಿ ಹೊಡೆಯಲು ಕೊನೆಗಾರರು ಜೂನ್ 3ರಂದು ಬರುತ್ತಾರೆ. ಅವರ ದಿನ ಸಿಗುವುದೇ ಕಷ್ಟ, ತಪ್ಪಿದರೆ ಮತ್ತೆ ಸಿಗುವಷ್ಟರಲ್ಲಿ ಆಗುಂಬೆ ಕಡೆಯ ಮಳೆ ಶುರುವಾಗಿರುತ್ತದೆ. ನೆರೆಯವರ ಗನ್ ಎರವಲು ಕೇಳೋಣವೆಂದರೆ ಅವರಿಗೂ ಅದೇ ವಾರವೇ ಕೆಲಸ. ಗನ್ ಇಲ್ಲದ 50 ಮೀಟರ್ ಪೈಪನ್ನು ನಾನು ಬಟ್ಟೆ ಒಣಹಾಕಲು ಮಾತ್ರ ಬಳಸಬಹುದು.

ಆದ್ದರಿಂದ ನನ್ನ ಕೋರಿಕೆ ಇಷ್ಟು. ಬಿಟ್ಟುಹೋದ ಗನ್ನನ್ನು ಹೆಚ್ಚುವರಿ ಸಾಗಣೆ ವೆಚ್ಚವಿಲ್ಲದೆ ಜೂನ್ 1ರ ಒಳಗೆ ತಲುಪಿಸಿ. ಅದು ಸಾಧ್ಯವಿಲ್ಲ ಎಂದಾದರೆ ಮೇ 29ರ ಒಳಗೆ ಹಾಗೆಂದು ಬರಹದಲ್ಲಿ ತಿಳಿಸಿ, ₹1,290ನ್ನು ಹಣ ಪಾವತಿಯಾದ ಖಾತೆಗೇ ಹಿಂದಿರುಗಿಸಿ. ನಾನು ತೀರ್ಥಹಳ್ಳಿ ಪೇಟೆಯಲ್ಲಿ ಕೊಂಡುಕೊಳ್ಳುತ್ತೇನೆ. ಇಡೀ ಆರ್ಡರನ್ನು ಹಿಂದಿರುಗಿಸಿ ಹೊಸದಾಗಿ ಆರ್ಡರ್ ಹಾಕಿ ಎಂದು ಆ್ಯಪ್ ಸೂಚಿಸುತ್ತಿದೆ. ಸರಿಯಾಗಿ ಬಂದಿರುವ ಪೈಪನ್ನು ವಾಪಸು ಕಳುಹಿಸಿ ಇನ್ನೊಂದು ವಾರ ಕಾಯುವುದಕ್ಕೆ ನಾನು ಸಿದ್ಧನಿಲ್ಲ. ನಿಮ್ಮ ತಾಣದ ವೋಚರ್ ರೂಪದಲ್ಲಿ ಹಣ ಕೊಡುವುದೂ ಬೇಡ.

ಜೊತೆಗೆ, ಮೇ 25ರ ತಿರಸ್ಕಾರದ ಟಿಪ್ಪಣಿಯನ್ನು ನನ್ನ ಖಾತೆಯಿಂದ ತೆಗೆದುಹಾಕಬೇಕು. ಬಂದ ವಸ್ತುವನ್ನು ಬಂದಿಲ್ಲವೆಂದ ಗ್ರಾಹಕ ಎಂಬ ಅರ್ಥ ಅದರಿಂದ ಹೊರಡುತ್ತದೆ. ಹಣಕ್ಕಿಂತ ಹೆಚ್ಚಾಗಿ ನನಗೆ ಬೇಸರ ತಂದಿರುವುದು ಅದೇ.

ಗ್ರಾಹಕ ಸಂರಕ್ಷಣೆ (ಇ-ಕಾಮರ್ಸ್) ನಿಯಮಗಳು, 2020ರ ಪ್ರಕಾರ ಈ ದೂರು ತಲುಪಿದ್ದನ್ನು ನೀವು 48 ಗಂಟೆಗಳೊಳಗೆ ಖಚಿತಪಡಿಸಬೇಕು, ಒಂದು ತಿಂಗಳೊಳಗೆ ಪರಿಹಾರ ನೀಡಬೇಕು. ನಿಯಮ ಒಂದು ತಿಂಗಳ ಅವಕಾಶ ಕೊಟ್ಟಿದೆ ನಿಜ, ಮಳೆ ಕೊಡುವುದಿಲ್ಲ. ಜೂನ್ 1ರ ಒಳಗೆ ಗನ್ ಅಥವಾ ಹಣ ಎರಡರಲ್ಲಿ ಒಂದೂ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸುತ್ತೇನೆ. ಅಲ್ಲಿಯೂ ಇತ್ಯರ್ಥವಾಗದಿದ್ದರೆ ಶಿವಮೊಗ್ಗದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ಐದು ಲಕ್ಷ ರೂಪಾಯಿವರೆಗಿನ ಪ್ರಕರಣಗಳಿಗೆ ಅಲ್ಲಿ ಶುಲ್ಕವಿಲ್ಲ, ವಕೀಲರನ್ನು ಇಡಲೇಬೇಕೆಂದೂ ಇಲ್ಲ. ಅಲ್ಲಿಯವರೆಗೆ ಹೋಗುವ ಆಸೆ ನನಗಿಲ್ಲ. ಕಳೆದ ವರ್ಷ ನಿಮ್ಮಲ್ಲಿ ತರಿಸಿದ ಟಾರ್ಪಾಲು ಹೇಳಿದ ದಿನಕ್ಕೆ, ಹೇಳಿದ ಹಾಗೆಯೇ ಬಂದಿತ್ತು. ಆ ನಂಬಿಕೆಯಿಂದಲೇ ಈ ಬಾರಿಯೂ ಆರ್ಡರ್ ಹಾಕಿದ್ದೆ.

ಉತ್ತರವನ್ನು ದಯವಿಟ್ಟು ಈ ಇಮೇಲ್‌ಗೇ ಕಳುಹಿಸಿ. ಫೋನ್ ಮಾಡುವುದಾದರೆ ಖಾತೆಯಲ್ಲಿರುವ ಸಂಖ್ಯೆಗೆ ಬೆಳಿಗ್ಗೆ 10ರಿಂದ 11ರ ನಡುವೆ ಮಾಡಿ; ಹಾಲು ಕೊಟ್ಟು ಅಂಗಡಿಯ ಹತ್ತಿರ ಇರುವುದು ಆಗಲೇ, ಉಳಿದ ಹೊತ್ತಿನಲ್ಲಿ ಕರೆ ಸಿಗುವುದಿಲ್ಲ.

ಲಗತ್ತುಗಳು: ಬಿಲ್, ಪೆಟ್ಟಿಗೆಯ ಮೇಲಿನ ಚೀಟಿ, ತಕ್ಕಡಿಯ ಮೇಲಿನ ಪೆಟ್ಟಿಗೆ, ಬಂದ ಎರಡು ಸಾಮಾನುಗಳ ಚಿತ್ರಗಳು, ಯುಪಿಐ ಪಾವತಿಯ ರಸೀದಿ, ಮೇ 23 ಮತ್ತು 25ರ ನಿಮ್ಮ ಉತ್ತರಗಳು.

ವಂದನೆಗಳೊಂದಿಗೆ,

ನಾಗರಾಜ
ಅಡಿಕೆ ಬೆಳೆಗಾರ
ಆಗುಂಬೆ ಹೋಬಳಿ, ತೀರ್ಥಹಳ್ಳಿ ತಾಲ್ಲೂಕು
ಶಿವಮೊಗ್ಗ ಜಿಲ್ಲೆ