ಮುತ್ತಮ್ಮಕ್ಕನಿಗೆ: ಹರೀಶ್ ಅವರಿಗೆ ಒಂದು ಮೇಲ್ ದಾಟಿಸಿ ಕೊಡುವಿರಾ?

ಮುತ್ತಮ್ಮಕ್ಕನಿಗೆ ನಮಸ್ಕಾರ,

ಮೊದಲೇ ವಿಷಯ ಹೇಳಿಬಿಡುತ್ತೇನೆ. ಹರೀಶ್ ಅವರ ಬೆಂಗಳೂರಿನ ಹೋಟೆಲಿಗೆ ನಮ್ಮ ಕಾಚಂಪುಳಿಯ ಒಂದು ಸಣ್ಣ ಬಾಟಲಿ ಕಳಿಸಿ, ರುಚಿ ನೋಡಿ ಹೇಳಿ ಎಂದು ಕೇಳಬೇಕಿದೆ. ನಿಮ್ಮ ಕೇಟರಿಂಗ್ ಕಾಲದಿಂದ ಅವರು ನಿಮಗೆ ಗೊತ್ತು, ನನಗೆ ಪರಿಚಯವಿಲ್ಲ. ನಾನು ಬರೆದ ಮೇಲ್ ಅನ್ನು ಅವರಿಗೆ ಫಾರ್ವರ್ಡ್ ಮಾಡಲು ಸಾಧ್ಯವೇ? ಅವರ ನಂಬರ್ ನನಗೆ ಕೊಡುವುದು ಬೇಡ. ಅವರು ಒಪ್ಪಿದ ಮೇಲೆ ಕೊಟ್ಟರೆ ಸಾಕು.

ಅವರನ್ನೇ ಯಾಕೆ ಕೇಳುತ್ತಿದ್ದೇನೆಂದರೆ, ಅವರ ಮೆನುವಿನಲ್ಲಿ ಪಂದಿ ಕರಿ ಇದೆ, ಅದರ ಕೆಳಗೆ ಹುಣಸೆ ಹುಳಿ ಎಂದು ಬರೆದಿದೆ. ಕಾಚಂಪುಳಿ ಸಿಗದೆ ಹಾಗೆ ಮಾಡುತ್ತಿರಬಹುದು, ಅಥವಾ ಸಿಕ್ಕಿದ್ದು ಪ್ರತಿ ಸಲ ಒಂದೊಂದು ಥರ ಇದ್ದು ಬೇಸತ್ತು ಬಿಟ್ಟಿರಬಹುದು. ಎರಡರಲ್ಲಿ ಯಾವುದಾದರೂ ನನ್ನ ಬಾಟಲಿಯಿಂದ ಅವರಿಗೆ ಉಪಯೋಗವಿದೆ. ಆದರೆ ಹುಣಸೆಯ ಮಾತನ್ನು ಅವರಿಗೆ ಹೋಗುವ ಮೇಲಿನಲ್ಲಿ ಬರೆದಿಲ್ಲ. ಗುರುತು ಪರಿಚಯವಿಲ್ಲದವಳು ಅವರ ಅಡುಗೆಯಲ್ಲಿ ಕುಂದು ಹುಡುಕಿದ ಹಾಗಾಗುತ್ತದೆ. ನಿಮಗೆ ಮಾತ್ರ ಹೇಳಿದೆ.

ಇದೇ ಕಾರಣಕ್ಕೆ ಅವರಿಗೆ ಹೋಗಬೇಕಾದ್ದನ್ನು ಈ ಮೇಲಿನ ಕೆಳಗೆ ಸೇರಿಸದೆ ಬೇರೆಯಾಗಿ ಕಳಿಸುತ್ತೇನೆ. ಫಾರ್ವರ್ಡ್ ಒತ್ತಿದರೆ ಕೆಳಗಿನದ್ದೆಲ್ಲ ಒಟ್ಟಿಗೆ ಹೋಗುತ್ತದಲ್ಲ, ನಾವಿಬ್ಬರು ಮಾತಾಡಿಕೊಂಡದ್ದೂ ಅವರ ಮುಂದೆ ಹೋಗಿ ಬೀಳುತ್ತದೆ. ಎರಡನೆಯ ಮೇಲ್ ಬಂದಾಗ ಅದನ್ನು ತೆರೆದು ಫಾರ್ವರ್ಡ್ ಒತ್ತಿದರೆ ಆಯಿತು. ಸಬ್ಜೆಕ್ಟ್ ಸಾಲು ಅವರು ಓದುವ ಹಾಗೆಯೇ ಇದೆ. ಅಳಿಸುವುದು, ತಿದ್ದುವುದು ಏನೂ ಇಲ್ಲ. ಎರಡೇ ಫೋಟೋ ಹಾಕಿದ್ದೇನೆ, ಎರಡೂ ಚಿಕ್ಕವು, ಫೋನಿನಲ್ಲೇ ತೆರೆಯುತ್ತವೆ.

ಮೇಲೆ ನೀವು ಒಂದು ಸಾಲು ಬರೆಯುವುದಾದರೆ ನಿಮಗೆ ನಿಜವಾಗಿ ಗೊತ್ತಿರುವಷ್ಟೇ ಬರೆಯಿರಿ. ನಮ್ಮ ಮನೆಯ ಕಾಚಂಪುಳಿ ಹಾಕಿ ನೀವು ಅಡುಗೆ ಮಾಡಿದ್ದೀರಿ, ಅದು ಹೇಗಿತ್ತೆಂದು ಹೇಳಬಹುದು. ಹೇಳಿದ ದಿನಕ್ಕೆ ಮಾಲು ತಲುಪಿಸುತ್ತಾಳೆಯೇ, ದೊಡ್ಡ ಆರ್ಡರ್ ನಿಭಾಯಿಸುತ್ತಾಳೆಯೇ ಎಂಬುದು ನಿಮಗೆ ಗೊತ್ತಿಲ್ಲ, ಅದನ್ನು ಬರೆಯುವುದು ಬೇಡ. ನಾಳೆ ನಾನು ಎಲ್ಲಾದರೂ ಎಡವಿದರೆ ಹೆಸರು ಕೆಡುವುದು ನಿಮ್ಮದು. ಪರಿಚಯ ಮಾಡಿಸಿದವರು ಜಾಮೀನು ನಿಲ್ಲಬೇಕಾಗಿಲ್ಲ.

ಅವರು ಮೇಲ್ ನೋಡುವುದು ಕಡಿಮೆ, ವಾಟ್ಸಾಪ್ ಮಾತ್ರ ನೋಡುತ್ತಾರೆ ಎಂದಾದರೆ ಇದನ್ನು ಹಾಗೇ ಕಾಪಿ ಮಾಡಿ ಕಳಿಸಬಹುದು:

"ಹರೀಶ್, ಭಾಗಮಂಡಲದ ಕಡೆಯ ದಮಯಂತಿ ಎಂಬವರು ಮನೆಯಲ್ಲೇ ಕಾಚಂಪುಳಿ ಕಾಯಿಸುತ್ತಾರೆ. ಈ ಮಳೆಗಾಲದ್ದು 25 ಲೀಟರ್ ಹೊರಗೆ ಕೊಡಲು ಇದೆಯಂತೆ. 100 ಮಿಲಿ ಸ್ಯಾಂಪಲ್ ಅವರ ಖರ್ಚಿನಲ್ಲೇ ಕಳಿಸುತ್ತಾರೆ. ಬೇಕಿದ್ದರೆ 'ಸರಿ' ಅನ್ನಿ, ನಿಮ್ಮ ನಂಬರ್ ಅವರಿಗೆ ಕೊಡುತ್ತೇನೆ. ಬೇಡವಾದರೆ ಬಿಡಿ, ಏನೂ ತೊಂದರೆಯಿಲ್ಲ."

ಒಂದೇ ದಾರಿ ಹಿಡಿಯಿರಿ ಅಕ್ಕ, ಮೇಲೂ ವಾಟ್ಸಾಪೂ ಎರಡರಲ್ಲೂ ಹೋದರೆ ಒತ್ತಾಯ ಮಾಡಿದಂತೆ ಕಾಣುತ್ತದೆ. ಕಳಿಸುವ ಹೊತ್ತು ಮಧ್ಯಾಹ್ನ ಮೂರೂವರೆಯಿಂದ ಐದರೊಳಗೆ ಇದ್ದರೆ ಒಳ್ಳೆಯದು. ಊಟದ ಗಡಿಬಿಡಿ ಮುಗಿದು ರಾತ್ರಿಯ ತಯಾರಿ ಶುರುವಾಗುವ ನಡುವೆ ಹೋಟೆಲಿನವರು ಫೋನ್ ಕೈಗೆತ್ತಿಕೊಳ್ಳುತ್ತಾರೆ. ಶನಿವಾರ, ಭಾನುವಾರ ಬೇಡವೇ ಬೇಡ.

ಅವರು ಸರಿ ಎಂದರೆ ನಮ್ಮಿಬ್ಬರನ್ನೂ ಒಂದೇ ಮೇಲಿನಲ್ಲಿ ಸೇರಿಸಿ "ಇವರು ಹರೀಶ್, ಇವರು ದಮಯಂತಿ" ಎಂದರೆ ಸಾಕು. ಅಲ್ಲಿಂದ ನಾನು ನಿಮ್ಮನ್ನು ಬಿಟ್ಟು ಅವರಿಗೆ ನೇರವಾಗಿ ಬರೆಯುತ್ತೇನೆ, ಪಾರ್ಸೆಲ್, ರೇಟು ಎಂದು ನಿಮ್ಮ ಇನ್‌ಬಾಕ್ಸ್ ತುಂಬುವುದಿಲ್ಲ. ಸ್ಯಾಂಪಲ್ ನೋಡಿ ಅವರು ಏನು ಹೇಳಿದರೆಂದು ಕೊನೆಗೆ ನಿಮಗೆ ತಿಳಿಸುತ್ತೇನೆ, ಒಪ್ಪಿದರೂ ಒಪ್ಪದಿದ್ದರೂ.

ಸಂಕ್ರಮಣಕ್ಕೆ ತಲಕಾವೇರಿಗೆ ಬರುವಾಗ ಬಾಟಲಿ ನಾನೇ ಒಯ್ಯುತ್ತೇನೆ ಅನ್ನಬೇಡಿ. ನೀವು ಹೊತ್ತುಕೊಂಡು ಹೋಗಿ ಕೊಟ್ಟರೆ ಅವರಿಗೆ ಬೇಡ ಅನ್ನಲು ಬಾಯಿ ಬರುವುದಿಲ್ಲ. ದಾಕ್ಷಿಣ್ಯಕ್ಕೆ ಒಂದು ಸಲ ತಗೊಂಡು ಆಮೇಲೆ ಬಿಡುವ ಗಿರಾಕಿಯಿಂದ ನನಗೂ ಪ್ರಯೋಜನವಿಲ್ಲ.

ಅವರ ಜೊತೆ ಈಗ ಅಷ್ಟು ಒಡನಾಟ ಇಲ್ಲದಿದ್ದರೆ, ಅಥವಾ ಮೊನ್ನೆಯಷ್ಟೇ ಬೇರೆ ಯಾರಿಗೋಸ್ಕರ ಅವರನ್ನು ಇಂಥದ್ದೇ ಕೇಳಿದ್ದರೆ, "ಈಗ ಆಗದು" ಎಂದು ಎರಡೇ ಮಾತು ಬರೆಯಿರಿ. ಕಾರಣ ಹೇಳಬೇಕಿಲ್ಲ. ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ, ಮತ್ತೆ ಕೇಳುವುದೂ ಇಲ್ಲ. ಸಂಕ್ರಮಣದ ಒಳಗೆ ತಿಳಿದರೆ ಅನುಕೂಲ. ಪುತ್ತರಿ ಹತ್ತಿರ ಬಂದಂತೆ ನೆಂಟರಿಷ್ಟರೇ ಬಾಟಲಿ ಕೇಳಲು ಶುರುಮಾಡುತ್ತಾರೆ, ಆಮೇಲೆ ಹೋಟೆಲಿಗೆಂದು ತೆಗೆದಿಡುವುದು ಕಷ್ಟ.

ಭಾವನಿಗೆ ನಮಸ್ಕಾರ ಹೇಳಿ.

ನಿಮ್ಮ
ದಮಯಂತಿ

(ಎರಡನೆಯ ಮೇಲ್)

ಸಬ್ಜೆಕ್ಟ್: ಕೊಡಗಿನ ಕಾಚಂಪುಳಿ, 100 ಮಿಲಿ ಸ್ಯಾಂಪಲ್ ಕಳಿಸಬಹುದೇ?

ಹರೀಶ್ ಅವರಿಗೆ ನಮಸ್ಕಾರ,

ನಾನು ದಮಯಂತಿ, ಭಾಗಮಂಡಲದ ಹತ್ತಿರ ನಮ್ಮ ತೋಟದ ಹಣ್ಣಿನಿಂದ ಕಾಚಂಪುಳಿ ಮಾಡುತ್ತೇನೆ. ನಿಮ್ಮ ಮೆನುವಿನಲ್ಲಿ ಪಂದಿ ಕರಿ ಇರುವುದನ್ನು ನೋಡಿ ಬರೆಯುತ್ತಿದ್ದೇನೆ. 100 ಮಿಲಿಯ ಒಂದು ಬಾಟಲಿ ನಿಮಗೆ ಕಳಿಸಲೇ ಎಂಬುದೊಂದೇ ನನ್ನ ಪ್ರಶ್ನೆ. ಬಾಟಲಿಗೂ ಕಳಿಸುವ ಖರ್ಚಿಗೂ ನೀವು ಏನೂ ಕೊಡಬೇಕಿಲ್ಲ.

ಇದು ಪಣಪುಳಿ ಹಣ್ಣಿನದು, ಮಲೆನಾಡಿನಲ್ಲಿ ಉಪ್ಪಗೆ ಅನ್ನುತ್ತಾರೆ. ಕರಾವಳಿಯ ಪುನರ್ಪುಳಿ ಬೇರೆ ಮರ, ಅದರ ಕೆಂಪು ರಸಕ್ಕೂ ಇದಕ್ಕೂ ರುಚಿ ಬೇರೆ. ಮಳೆಗಾಲದಲ್ಲಿ ಹಳದಿಗೆ ತಿರುಗಿ ತಾನಾಗಿ ಉದುರಿದ ಹಣ್ಣನ್ನು ಮಾತ್ರ ಆರಿಸುತ್ತೇವೆ. ಬಿದಿರಿನ ಬುಟ್ಟಿಯಲ್ಲಿ ರಾಶಿ ಹಾಕಿ ಕೆಳಗೆ ಪಾತ್ರೆ ಇಟ್ಟರೆ, ಹಣ್ಣು ಕಳಿತು ಮೆತ್ತಗಾಗುತ್ತಾ ರಸ ತಾನೇ ಇಳಿಯುತ್ತದೆ. ಅದನ್ನು ಬಟ್ಟೆಯಲ್ಲಿ ಸೋಸಿ, ಸೌದೆ ಒಲೆಯ ಮೇಲೆ ಕಪ್ಪಾಗಿ ಗಟ್ಟಿಯಾಗುವ ತನಕ ಬತ್ತಿಸುತ್ತೇವೆ. ತಟ್ಟೆಯ ಮೇಲೆ ಬಿಟ್ಟ ಹನಿ ಹರಡದೆ ನಿಂತಾಗ ಇಳಿಸುವುದು. ಅದಕ್ಕಿಂತ ಮೊದಲೇ ಇಳಿಸಿದರೆ ನೀರು ಉಳಿದು ಕೆಲವು ತಿಂಗಳಲ್ಲಿ ಮೇಲೆ ಬೂಸಲು ಕಟ್ಟುತ್ತದೆ, ತಡವಾದರೆ ತಳ ಹಿಡಿದು ಕಹಿಯಾಗುತ್ತದೆ. ಹುಣಸೆ, ವಿನೆಗರ್, ಬೆಲ್ಲ, ಬಣ್ಣ, ಉಪ್ಪು ಯಾವುದನ್ನೂ ಸೇರಿಸಿಲ್ಲ.

ಬಳಸುವಾಗ ಒಂದು ಕೆಜಿ ಮಾಂಸಕ್ಕೆ ಒಂದು ಟೇಬಲ್ ಚಮಚದಿಂದ ಶುರುಮಾಡಿ, ರುಚಿ ನೋಡಿ ಎರಡರ ತನಕ ಹೋಗಬಹುದು. ಮಾಂಸ ಬೆಂದು ಹುರಿದ ಮಸಾಲೆ ಪುಡಿ ಬಿದ್ದ ಮೇಲೆ, ಕೊನೆಯಲ್ಲಿ ಹಾಕಿ ಐದು ನಿಮಿಷ ಕುದಿಸಿದರೆ ಸಾಕು. ಮೊದಲೇ ಹಾಕಿದರೆ ಎಷ್ಟು ಹುಳಿ ಸಾಕೆಂದು ತಿಳಿಯುವುದು ಕಷ್ಟ, ಗ್ರೇವಿ ಬತ್ತಿದಂತೆ ಹುಳಿ ಏರುತ್ತಲೇ ಹೋಗುತ್ತದೆ. ಅಲ್ಯೂಮಿನಿಯಂ ಪಾತ್ರೆ ಬೇಡ, ಹುಳಿಗೆ ಲೋಹ ಬಿಟ್ಟುಕೊಂಡು ರುಚಿ ಕೆಡುತ್ತದೆ. ಮೀನಿನ ಸಾರಿಗೆ ಇದರ ಅರ್ಧ ಸಾಕು. ಸ್ಯಾಂಪಲ್ ಬಾಟಲಿಯಲ್ಲಿ ಆರು ಟೇಬಲ್ ಚಮಚದಷ್ಟು ಇರುತ್ತದೆ, ಎರಡು ಮೂರು ಸಲ ಮಾಡಿ ನೋಡಲು ಆಗುತ್ತದೆ.

ಈ ಸಲ ಕಾಯಿಸಿದ್ದು 42 ಲೀಟರ್. ಮನೆಗೆ, ಊರಿನವರಿಗೆ ಬಿಟ್ಟು 25 ಲೀಟರ್ ಹೊರಗೆ ಕೊಡಬಹುದು. ಇದು ಮುಗಿದರೆ ಮುಂದಿನ ಮಳೆಗಾಲದ ತನಕ ಬೇರೆ ಇಲ್ಲ, ಹಾಗಾಗಿ ಪ್ರತಿ ತಿಂಗಳೂ ಬೇಕೆನ್ನುವವರು ಮೊದಲೇ ಹೇಳಿದರೆ ವರ್ಷದ ಪಾಲು ತೆಗೆದಿಡುತ್ತೇನೆ. ಲೀಟರಿಗೆ 900 ರೂಪಾಯಿ, 500 ಮಿಲಿಯ ಗಾಜಿನ ಬಾಟಲಿಗಳಲ್ಲಿ. ಎಫ್‌ಎಸ್‌ಎಸ್‌ಎಐ ನೋಂದಣಿ ಇದೆ, 14 ಅಂಕಿಯ ಸಂಖ್ಯೆ ಲೇಬಲ್ ಮೇಲಿದೆ. ಬಿಲ್ ಕೊಡುತ್ತೇನೆ. ಒಂದೊಂದು ಒಲೆಯಲ್ಲಿ ಇಳಿಸಿದ್ದಕ್ಕೆ ಬೇರೆ ಬೇರೆ ಬ್ಯಾಚ್ ಸಂಖ್ಯೆ ಹಾಕಿರುವುದರಿಂದ, ನಿಮಗೆ ಹಿಡಿಸಿದ ಸ್ಯಾಂಪಲ್ ಯಾವ ಬ್ಯಾಚಿನದೋ ಅದರಲ್ಲಿ ಉಳಿದಷ್ಟನ್ನೂ ನಿಮಗೇ ಕೊಡಬಹುದು. ಬ್ಯಾಚ್ ಬದಲಾದರೆ ಹುಳಿ ಸ್ವಲ್ಪ ಹೆಚ್ಚು ಕಡಿಮೆ ಇರುತ್ತದೆ, ಆಗ ಹೊಸ ಸ್ಯಾಂಪಲ್ ಮೊದಲು ಬರುತ್ತದೆ.

ಕೊರಿಯರ್‌ನವರು ಕೆಲವೊಮ್ಮೆ ದ್ರವ ಪದಾರ್ಥ ತಗೊಳ್ಳುವುದಿಲ್ಲ. ಆದ್ದರಿಂದ ಬೆಂಗಳೂರಿಗೆ ಬರುವ ನಮ್ಮ ಊರಿನವರ ಕೈಯಲ್ಲಿ ಕಳಿಸಿ ನಿಮ್ಮ ಹೋಟೆಲಿನ ಕೌಂಟರಿನಲ್ಲಿ ಕೊಡಿಸುತ್ತೇನೆ. ನೀವು ಅಲ್ಲಿ ಇರಬೇಕೆಂದಿಲ್ಲ. ಬಾಟಲಿಯ ಮೇಲೆ ನಿಮ್ಮ ಹೆಸರು ಬರೆದಿರುತ್ತದೆ.

ಬೇಕೆಂದಿದ್ದರೆ ಮುತ್ತಮ್ಮಕ್ಕನಿಗೆ "ಸರಿ" ಎಂದಷ್ಟೇ ಬರೆಯಿರಿ, ಅಥವಾ ಲೇಬಲ್ ಫೋಟೋದಲ್ಲಿರುವ ನನ್ನ ನಂಬರಿಗೆ ಒಂದು ಮೆಸೇಜ್ ಹಾಕಿ. ಸದ್ಯಕ್ಕೆ ಬೇಡವಾದರೆ ಉತ್ತರ ಬರೆಯುವ ಅಗತ್ಯವೂ ಇಲ್ಲ. ಸ್ಯಾಂಪಲ್ ತಗೊಂಡರೆ ಖರೀದಿಸಲೇಬೇಕು ಎಂದೇನಿಲ್ಲ. ಹುಳಿ ಸಾಲದು, ಹೊಗೆ ವಾಸನೆ ಹೆಚ್ಚು, ತೆಳ್ಳಗಿದೆ ಎಂದು ಅನಿಸಿದ್ದನ್ನು ಹೇಳಿದರೆ ಮುಂದಿನ ವರ್ಷ ಒಲೆಯ ಮುಂದೆ ನನಗೆ ಅದೇ ಉಪಕಾರ.

ಲಗತ್ತು: ಬಾಟಲಿ ಮತ್ತು ಲೇಬಲ್ ಫೋಟೋ ಒಂದು, ಬಿಳಿ ತಟ್ಟೆಯ ಮೇಲೆ ಹನಿ ನಿಂತಿರುವ ಫೋಟೋ ಒಂದು.

ವಂದನೆಗಳು,
ದಮಯಂತಿ
ಭಾಗಮಂಡಲ, ಕೊಡಗು