ದೇವನಹಳ್ಳಿ ಸೈಟಿಗೆ ಕೆಲಸಗಾರರು ಬೇಕು: ಗಾರೆ, ಕಂಬಿ, ಸೆಂಟ್ರಿಂಗ್, ಹೆಲ್ಪರ್

ದೇವನಹಳ್ಳಿಯಿಂದ ದೊಡ್ಡಬಳ್ಳಾಪುರ ರಸ್ತೆಯಲ್ಲಿ 4 ಕಿ.ಮೀ., ಎಡಗಡೆ ನೀಲಿ ತಗಡಿನ ಕಾಂಪೌಂಡ್. ನಾಲ್ಕು ಅಂತಸ್ತಿನ ಮೂರು ಅಪಾರ್ಟ್‌ಮೆಂಟ್ ಬ್ಲಾಕುಗಳ ಕೆಲಸ. ಸಂಕ್ರಾಂತಿ ಮುಗಿಸಿಕೊಂಡು ಬನ್ನಿ: ಕೆಲಸ ಶುರು ಜನವರಿ 19, ಸೋಮವಾರ. ಮೇ ಕೊನೆಯವರೆಗೆ ಕೆಲಸ ಇದೆ. ಯುಗಾದಿಗೆ ಮಾರ್ಚ್ 17ರಿಂದ ನಾಲ್ಕು ದಿನ ಊರಿಗೆ ಹೋಗಿ ಬರಬಹುದು.

ದಿನಗೂಲಿ (8 ತಾಸು)
ಗಾರೆ ಮೇಸ್ತ್ರಿ, 12 ಜನ: ₹1,200
ಕಂಬಿ ಕಟ್ಟುವವರು, 8 ಜನ: ₹1,120
ಸೆಂಟ್ರಿಂಗ್ ಬಡಗಿ, 10 ಜನ: ₹1,120
ಹೆಲ್ಪರ್, 25 ಜನ: ₹800. ಗಂಡಾಳು, ಹೆಣ್ಣಾಳು ಇಬ್ಬರಿಗೂ ಒಂದೇ ಕೂಲಿ.

ಬೆಳಿಗ್ಗೆ 9ರಿಂದ ಸಂಜೆ 6, ನಡುವೆ ಊಟಕ್ಕೆ ಒಂದು ತಾಸು. ಭಾನುವಾರ ರಜೆ. ಸ್ಲ್ಯಾಬ್ ಕಾಂಕ್ರೀಟ್ ಹಾಕುವ ದಿನ ರಾತ್ರಿಯಾಗುವುದುಂಟು. ಆಗ ಹೆಚ್ಚಿನ ಪ್ರತಿ ತಾಸಿಗೆ ಡಬಲ್ ಲೆಕ್ಕ: ಹೆಲ್ಪರ್‌ಗೆ ₹200, ಮೇಸ್ತ್ರಿಗೆ ₹300. ಕೆಲಸ ಶುರುವಾದ ಮೇಲೆ ಮಳೆ ಬಂದು ನಿಂತರೆ ಅರ್ಧ ಹಾಜರಿ ಕೊಡುತ್ತೇವೆ.

ಬಟವಾಡೆ ಪ್ರತಿ ಶನಿವಾರ ಸಂಜೆ, ಅವರವರ ಬ್ಯಾಂಕ್ ಖಾತೆಗೇ. ಗುಂಪಿನ ಮೇಸ್ತ್ರಿ ಕೈಗೆ ಎಲ್ಲರ ದುಡ್ಡು ಕೊಡುವ ಪದ್ಧತಿ ಇಲ್ಲ, ಜಗಳ ಶುರುವಾಗುವುದೇ ಅಲ್ಲಿ. ಪ್ರತಿಯೊಬ್ಬರಿಗೂ ಹಾಜರಿ ಕಾರ್ಡ್ ಕೊಡುತ್ತೇವೆ, ಸಂಜೆ ಸೂಪರ್‌ವೈಸರ್ ಸಹಿ ಹಾಕಿಸಿಕೊಂಡೇ ಶೆಡ್ಡಿಗೆ ಹೋಗಿ. ಲೆಕ್ಕದಲ್ಲಿ ತಪ್ಪಿದ್ದರೆ ಶುಕ್ರವಾರದೊಳಗೆ ಹೇಳಿ, ಆ ವಾರವೇ ಸರಿಯಾಗುತ್ತದೆ. ಬಂದ ದಿನ ದಿನಸಿಗೆ ₹1,000 ಖರ್ಚಿ ಕೊಟ್ಟು, ಎರಡು ವಾರದಲ್ಲಿ ₹500ರಂತೆ ಮುರಿದುಕೊಳ್ಳುತ್ತೇವೆ. ಊರಲ್ಲಿರುವಾಗಲೇ ದೊಡ್ಡ ಅಡ್ವಾನ್ಸ್ ಕೊಡುವುದಿಲ್ಲ, ಕೇಳಬೇಡಿ. ಕೆಲಸ ಕೊಡಿಸುತ್ತೇನೆಂದು ಯಾರಾದರೂ ಕಮಿಷನ್ ಕೇಳಿದರೆ ನೀವೂ ಕೊಡಬೇಡಿ.

ವಸತಿ
ಸೈಟಿನೊಳಗೇ ತಗಡಿನ ಶೆಡ್, ಬಾಡಿಗೆ ಇಲ್ಲ, ಕರೆಂಟಿಗೂ ಹಿಡಿಯುವುದಿಲ್ಲ. 10×12 ಅಡಿ ಕೋಣೆಗೆ ನಾಲ್ಕು ಜನ. ಗಂಡ-ಹೆಂಡತಿ ಬಂದರೆ ಬೇರೆ ಸಾಲಿನಲ್ಲಿ 10×10 ಕೋಣೆ, ಇಂಥವು ಒಂಬತ್ತೇ ಇವೆ, ಮೊದಲು ಹೇಳಿದವರಿಗೆ ಮೊದಲು. ಒಂದು ಫ್ಯಾನ್, ಒಂದು ಬಲ್ಬ್, ಮೊಬೈಲ್ ಚಾರ್ಜಿಗೆ ಪಾಯಿಂಟ್ ಇದೆ. ನೀರು ಕಾಯಿಸುವ ಕಾಯಿಲ್, ಕರೆಂಟ್ ಒಲೆ ಹಚ್ಚಿದರೆ ಇಡೀ ಸಾಲಿನ ಕರೆಂಟ್ ಹೋಗುತ್ತದೆ, ತಗಡಿಗೆ ಶಾಕ್ ಹೊಡೆಯುವ ಭಯ ಬೇರೆ, ಅದಕ್ಕೇ ತರಬೇಡಿ. ಅಡುಗೆಗೆ ಶೆಡ್ಡಿನ ಹೊರಗೆ ಮಾಡು ಹಾಕಿದ ಕಟ್ಟೆ ಇದೆ, ಕೋಣೆಯೊಳಗೆ ಒಲೆ ಹಚ್ಚುವಂತಿಲ್ಲ. ಕುಡಿಯಲು ಫಿಲ್ಟರ್ ನೀರು, ಬಳಸಲು ಬೋರ್ ನೀರು. ಹೆಂಗಸರಿಗೆ ಕಕ್ಕಸು, ಬಚ್ಚಲು ಬೇರೆ, ಒಳಗಿನಿಂದ ಚಿಲಕ, ರಾತ್ರಿಯಿಡೀ ದೀಪ. ಹಾಸಿಗೆ, ಪಾತ್ರೆ ನೀವೇ ತನ್ನಿ. ಜನವರಿಯಲ್ಲಿ ಈ ಕಡೆ ಚಳಿ ಜಾಸ್ತಿ, ತಗಡು ಬೆಳಗಿನ ಜಾವ ಐಸಿನಂತಾಗುತ್ತದೆ, ದಪ್ಪ ಕಂಬಳಿ ಬೇಕು.

ಕೆಲಸದ ಬಗ್ಗೆ
ಗೋಡೆ ಪೂರ್ತಿ 6 ಇಂಚಿನ ಸಾಲಿಡ್ ಬ್ಲಾಕ್, ಒಂದೊಂದು ಸುಮಾರು 25 ಕೆಜಿ. ಬರೀ ಇಟ್ಟಿಗೆ ಕಟ್ಟಿ ರೂಢಿ ಇರುವವರು ಯೋಚಿಸಿ ಬನ್ನಿ. ದಿನಕ್ಕೆ ಐದು ವರಸೆ ಸಾಕು. ಅದರ ಮೇಲೆ ಏರಿಸಿದರೆ ಕೆಳಗಿನ ಹಸಿ ಗಾರೆ ಭಾರಕ್ಕೆ ಕುಸಿದು ಗೋಡೆ ತೂಕ ತಪ್ಪುತ್ತದೆ, ಮರುದಿನ ಒಡೆಯಬೇಕಾಗುತ್ತದೆ. ಮೇಸ್ತ್ರಿಗಳಿಗೆ ಮೊದಲ ದಿನ ಒಂದು ಮೂಲೆ ಕಟ್ಟಿಸಿ ತೂಕಗುಂಡು ಬಿಟ್ಟು ನೋಡುತ್ತೇವೆ. ಸರಿ ಇದ್ದರೆ ಆ ದಿನವೂ ಸೇರಿ ₹1,200. ಕೈ ಇನ್ನೂ ಕೂತಿಲ್ಲ ಅನ್ನಿಸಿದರೆ ಆ ದಿನಕ್ಕೆ ₹800 ಕೊಟ್ಟು, ಹೆಲ್ಪರ್ ಆಗಿ ಇರುತ್ತೀರೋ ಇಲ್ಲವೋ ಅಂದೇ ಕೇಳುತ್ತೇವೆ. ಕಂಬಿಯವರಲ್ಲಿ ಡ್ರಾಯಿಂಗ್ ನೋಡಿ ರಿಂಗ್ ಅಳತೆ ತೆಗೆಯುವ ಒಬ್ಬರಿಗೆ ₹1,200.

ಕರಣೆ, ತೂಕಗುಂಡು, ಕಂಬಿ ಕಟ್ಟುವ ಹುಕ್ಕು, ಬಡಗಿಯವರ ಸುತ್ತಿಗೆ ನಿಮ್ಮದೇ ಇರಲಿ. ಹೆಲ್ಮೆಟ್, ಶೂ, ಎತ್ತರದಲ್ಲಿ ಕೆಲಸ ಮಾಡುವವರಿಗೆ ಬೆಲ್ಟ್ ನಮ್ಮದು, ದುಡ್ಡು ಹಿಡಿಯುವುದಿಲ್ಲ. ಚಪ್ಪಲಿಯಲ್ಲಿ ಸಾರುವೆ ಹತ್ತಿದರೆ ಆ ದಿನ ಕೆಳಗಿಳಿಸುತ್ತೇವೆ, ಕುಡಿದು ಬಂದರೆ ಹಾಜರಿಯೇ ಇಲ್ಲ.

ತರಬೇಕಾದ ಕಾಗದ
ಆಧಾರ್, ಬ್ಯಾಂಕ್ ಪಾಸ್‌ಬುಕ್, ಎರಡು ಫೋಟೋ, ಇದ್ದರೆ ಲೇಬರ್ ಕಾರ್ಡ್. ಇಲ್ಲದವರಿಗೆ, ಇಲ್ಲಿ 90 ದಿನ ತುಂಬಿದ ಮೇಲೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ ನೋಂದಣಿಗೆ ಬೇಕಾದ ಕೆಲಸದ ಪ್ರಮಾಣಪತ್ರ ಬರೆದುಕೊಡುತ್ತೇವೆ. 18 ತುಂಬದವರನ್ನು ಕರೆತರಬೇಡಿ, ಆಧಾರ್ ನೋಡಿ ಗೇಟಿನಿಂದಲೇ ವಾಪಸ್ ಕಳಿಸುತ್ತೇವೆ.

ಬರುವ ದಾರಿ
ರಾಯಚೂರು, ಯಾದಗಿರಿ ಕಡೆಯವರು ನಿಮ್ಮ ರೈಲು ಯಲಹಂಕದಲ್ಲಿ ನಿಲ್ಲುವುದಾದರೆ ಅಲ್ಲೇ ಇಳಿಯಿರಿ, ಮೆಜೆಸ್ಟಿಕ್‌ವರೆಗೆ ಹೋಗಿ ಹಿಂದಕ್ಕೆ ಬರುವುದು ದಂಡ. ಅಲ್ಲಿಂದ ದೇವನಹಳ್ಳಿ ಬಸ್, ಆಮೇಲೆ ದೊಡ್ಡಬಳ್ಳಾಪುರ ಕಡೆ ಹೋಗುವ ಬಸ್ ಅಥವಾ ಆಟೋ. ಟಿಕೆಟ್ ಎಸೆಯಬೇಡಿ: 30 ಹಾಜರಿ ತುಂಬಿದ ವಾರ ಬಂದ ಚಾರ್ಜ್ ವಾಪಸ್ ಕೊಡುತ್ತೇವೆ.

ಎಷ್ಟು ಜನ, ಯಾವ ಕೆಲಸ, ಕುಟುಂಬ ಇದೆಯೇ ಎಂದು ಜನವರಿ 15ರೊಳಗೆ ಈ ಮೆಸೇಜ್ ಬಂದ ನಂಬರಿಗೇ ಫೋನ್ ಮಾಡಿ ತಿಳಿಸಿ. ಸಂಜೆ 7ರಿಂದ 9ರವರೆಗೆ ಫೋನ್ ಎತ್ತುತ್ತೇನೆ, ಹಗಲು ಸೈಟಿನ ಸದ್ದಿಗೆ ಕೇಳಿಸುವುದಿಲ್ಲ.