ಪ್ರಶ್ನೆ: ಸೆರೆಮನೆಗಳಿಂದ ಉದ್ದೇಶಿತ ಫಲ ದೊರೆಯುತ್ತಿದೆಯೇ? ವಿಮರ್ಶಿಸಿ.

ಬೀಗದ ಒಳಗಿರುವವನು ಹೊರಗಿನವರ ಮನೆಗೆ ಕನ್ನ ಹಾಕಲಾರ. ಸೆರೆಮನೆಯ ಪರವಾದ ಅತ್ಯಂತ ಗಟ್ಟಿ ವಾದ ಇದು. ಇದನ್ನು ಹಗುರವಾಗಿ ತಳ್ಳಿಹಾಕುವವರು ಅಪರಾಧಕ್ಕೆ ಬಲಿಯಾದವರನ್ನು ಮರೆಯುತ್ತಾರೆ. ಇಟಲಿ 2006ರಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಕೈದಿಗಳಿಗೆ ಸಾಮೂಹಿಕ ಕ್ಷಮಾದಾನ ನೀಡಿದ ಬಳಿಕ ಕಳವು ಹೆಚ್ಚಿತು. ಅಮೆರಿಕದ ಫಿಲಡೆಲ್ಫಿಯಾದಲ್ಲಿ 1945ರಲ್ಲಿ ಹುಟ್ಟಿದ ಹುಡುಗರ ಪ್ರಸಿದ್ಧ ಅಧ್ಯಯನದಲ್ಲಿ, ದಾಖಲಾದ ಅಪರಾಧಗಳ ಅರ್ಧಕ್ಕಿಂತ ಹೆಚ್ಚು ಪಾಲು ಕೇವಲ ಶೇ. 6ರಷ್ಟು ಹುಡುಗರದಾಗಿತ್ತು. ಅಂಥವರನ್ನು ತಡೆದಿಟ್ಟರೆ ಸಮಾಜಕ್ಕೆ ನಿಜವಾದ ನೆಮ್ಮದಿಯಿದೆ.

ಆದರೆ ಆ ಕೆಲವರು ಯಾರೆಂಬುದು ಮೊದಲೇ ತಿಳಿಯುವುದಿಲ್ಲ. ಬಲೆಯನ್ನು ಅಗಲವಾಗಿ ಬೀಸಿದಷ್ಟೂ ಅಪಾಯವಿಲ್ಲದವರೇ ಹೆಚ್ಚು ಸಿಕ್ಕಿಬೀಳುತ್ತಾರೆ. ಅಪರಾಧ ಬಹುಮಟ್ಟಿಗೆ ಹರೆಯದವರ ಕೃತ್ಯ. ಅರವತ್ತರ ಮುದುಕನನ್ನು ಕೂಡಿಹಾಕಿ ತಡೆಯಬಹುದಾದ ಅಪರಾಧಗಳು ತೀರ ಕಡಿಮೆ. ಮಾದಕವಸ್ತು ಮಾರುವವನನ್ನು ಹಿಡಿದೊಯ್ದರೆ ಅವನ ಜಾಗಕ್ಕೆ ಇನ್ನೊಬ್ಬ ಬರುತ್ತಾನೆ.

ಇನ್ನು ಶಿಕ್ಷೆಯ ಭಯ. ಶಿಕ್ಷೆ ಎಷ್ಟು ಕ್ರೂರ ಎಂಬುದಕ್ಕಿಂತ ಎಷ್ಟು ಖಚಿತ ಎಂಬುದೇ ಮನುಷ್ಯನನ್ನು ತಡೆಯುತ್ತದೆ ಎಂದು ಇಟಲಿಯ ಚಿಂತಕ ಬೆಕ್ಕಾರಿಯಾ 1764ರಲ್ಲೇ ವಾದಿಸಿದ್ದ. ನಂತರದ ಸಂಶೋಧನೆ ಬಹುತೇಕ ಅದನ್ನೇ ಎತ್ತಿಹಿಡಿದಿದೆ. ಕುಡಿದ ಅಮಲಿನಲ್ಲಿ ಚಾಕು ಎತ್ತಿದವನು ಹತ್ತು ವರ್ಷವೋ ಹದಿನೈದು ವರ್ಷವೋ ಎಂದು ಲೆಕ್ಕ ಹಾಕುವುದಿಲ್ಲ. ಯೋಜಿಸಿ ಕದಿಯುವವನಿಗೆ ತಾನು ಸಿಕ್ಕಿಬೀಳುವುದಿಲ್ಲವೆಂಬ ಭರವಸೆ. ಹಾಗೆಂದು ಭಯಕ್ಕೆ ಬೆಲೆಯೇ ಇಲ್ಲವೆಂದಲ್ಲ. ಇಟಲಿಯ 2006ರ ಆ ಕ್ಷಮಾದಾನಕ್ಕೆ, ಐದು ವರ್ಷದೊಳಗೆ ಮತ್ತೆ ತಪ್ಪಿದರೆ ಮನ್ನಾ ಆದ ಶಿಕ್ಷೆಯನ್ನೂ ಸೇರಿಸಿ ಅನುಭವಿಸಬೇಕೆಂಬ ಷರತ್ತಿತ್ತು. ಹೆಚ್ಚು ಶಿಕ್ಷೆ ಬಾಕಿಯಿದ್ದವರು ಮತ್ತೆ ಅಪರಾಧಕ್ಕೆ ಇಳಿದದ್ದು ಕಡಿಮೆ. ಬೆದರಿಕೆ ಕಣ್ಣೆದುರಿಗಿದ್ದರೆ ಕೆಲಸ ಮಾಡುತ್ತದೆ. ಕಾನೂನು ಪುಸ್ತಕದಲ್ಲಿ ಅವಿತಿದ್ದರೆ ಇಲ್ಲ.

ಹಾನಿಯ ಕಡೆಗೆ ಬಂದರೆ ನನ್ನ ತಕ್ಕಡಿ ವಾಲುತ್ತದೆ. ಕೈದಿ ಕಳೆದುಕೊಳ್ಳುವುದು ಸ್ವಾತಂತ್ರ್ಯವನ್ನಷ್ಟೇ ಅಲ್ಲ. ಕೆಲಸ ಹೋಗುತ್ತದೆ, ಬಾಡಿಗೆ ಮನೆ ಕೈತಪ್ಪುತ್ತದೆ, ಯಾವ ತಪ್ಪನ್ನೂ ಮಾಡದ ಮಕ್ಕಳು ಕಳಂಕ ಹೊತ್ತು ಶಾಲೆಗೆ ಹೋಗುತ್ತಾರೆ. ಅಮೆರಿಕದ 30 ರಾಜ್ಯಗಳಲ್ಲಿ 2005ರಲ್ಲಿ ಬಿಡುಗಡೆಯಾದವರಲ್ಲಿ ಮೂರನೇ ಎರಡು ಪಾಲು ಜನ ಮೂರೇ ವರ್ಷದಲ್ಲಿ ಮತ್ತೆ ಬಂಧಿತರಾದರು. ಜೈಲೇ ಅವರನ್ನು ಕೆಡಿಸಿತೆಂದು ಈ ಅಂಕಿಯೊಂದರಿಂದ ಹೇಳಲಾಗದು, ತಿದ್ದಿತೆಂದಂತೂ ಹೇಳಲಾಗದು. ನಾರ್ವೆಯ ಅಧ್ಯಯನವೊಂದರಲ್ಲಿ ಸೆರೆವಾಸದ ನಂತರ ಮರು ಅಪರಾಧ ಇಳಿದಿತ್ತು, ಮುಖ್ಯವಾಗಿ ಮೊದಲು ಕೆಲಸವಿಲ್ಲದೆ ಇದ್ದವರಲ್ಲಿ. ಅಲ್ಲಿ ಅವರಿಗೆ ಉದ್ಯೋಗ ತರಬೇತಿ ಸಿಕ್ಕಿತ್ತು. ಗೋಡೆಗಿಂತ ಗೋಡೆಯೊಳಗೆ ನಡೆಯುವುದು ಮುಖ್ಯ ಎಂದು ನಾನು ನಂಬುವುದು ಇದರಿಂದಲೇ.

ಈ ದೃಷ್ಟಿಯಿಂದ ನೋಡಿದರೆ ಅತ್ಯಂತ ಅವಿವೇಕದ ಶಿಕ್ಷೆ ಎಂದರೆ ಸಣ್ಣ ಕಳ್ಳನಿಗೆ ಕೊಡುವ ಮೂರು ತಿಂಗಳ ಸೆರೆ. ಇದ್ದ ಕೆಲಸ ಕಳೆದುಕೊಳ್ಳಲು ಅಷ್ಟು ಅವಧಿ ಸಾಕು, ಹೊಸ ಕಸುಬು ಕಲಿಯಲು ಸಾಲದು. ಅವನನ್ನು ನಿಗಾದಲ್ಲಿಟ್ಟು ಸಮುದಾಯ ಸೇವೆಗೆ ಹಚ್ಚಿ, ಕದ್ದದ್ದಕ್ಕೆ ಪರಿಹಾರ ಕಟ್ಟಿಸುವುದೇ ಸರಿ. ಹಿಂಸೆಯನ್ನೇ ರೂಢಿ ಮಾಡಿಕೊಂಡವನ ವಿಷಯ ಬೇರೆ, ಅವನು ಒಳಗಿರಬೇಕು.